ಬೆನ್ನು ತಿರುಗಿಸಿ ಹೋಗುವ ಕಾರ್ಡು

ಬ್ರೇಕಪ್ ಆದವರು ಟ್ಯಾರೋ ಕಾರ್ಡುಗಳ ಮುಂದೆ ಬಂದು ಕೂತಾಗ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಶುರುವಾಗುತ್ತದೆ. ‘ನನ್ನ ಮುಂದಿನ ದಾರಿ ಏನು’ ಎನ್ನುತ್ತಾರೆ, ‘ನಮ್ಮಿಬ್ಬರ ನಡುವೆ ಇನ್ನೇನಾದರೂ ಉಳಿದಿದೆಯಾ’ ಎನ್ನುತ್ತಾರೆ, ‘ಕ್ಲೋಷರ್ ಬೇಕು ಅಷ್ಟೇ’ ಎನ್ನುತ್ತಾರೆ. ಐದು ನಿಮಿಷ ಮಾತಾಡಿದರೆ ಎಲ್ಲವೂ ಬಂದು ನಿಲ್ಲುವುದು ಒಂದೇ ಕಡೆ. ನಾನು ಇನ್ನೂ ಇಲ್ಲೇ ನಿಂತಿದ್ದೇನೆ, ಅವನು ಮುಂದಕ್ಕೆ ಹೋಗಿಬಿಟ್ಟನಾ? ಅವಳಿಗೆ ಬೇರೆ ಯಾರಾದರೂ ಸಿಕ್ಕಿದ್ದಾರಾ?

ಕಾರ್ಡು ಹರಡಿದ ಮೇಲೆ ‘ಹೌದು’ ಎನ್ನುವಂಥ ಚಿತ್ರವೇ ಎದುರಿಗೆ ಬಿದ್ದರೆ ಏನು ಮಾಡಬೇಕು ಎಂಬುದು ಈ ಲೇಖನದ ವಿಷಯ. ಹಲವು ವರ್ಷಗಳಿಂದ ಕಾರ್ಡು ಓದುತ್ತಿರುವ ನನಗೆ, ಟ್ಯಾರೋದಲ್ಲಿ ಅತಿ ಹೆಚ್ಚು ನೋವು ಕೊಡುವ ಓದು ಡೆತ್ ಕಾರ್ಡಿನದ್ದಲ್ಲ, ಇದೇ ಎನಿಸಿದೆ. ಒಂದು ಮಾತು ಅಜಾಗರೂಕತೆಯಿಂದ ಬಾಯಿಂದ ಬಿದ್ದರೆ ಕೇಳಿದವರು ಅದನ್ನು ತಿಂಗಳುಗಟ್ಟಲೆ ಹೊತ್ತು ತಿರುಗುತ್ತಾರೆ.

ಟ್ಯಾರೋ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಕಟ್ಟಿನಲ್ಲಿರುವುದು 78 ಕಾರ್ಡು. ಫೂಲ್, ಲವರ್ಸ್, ಡೆತ್, ವರ್ಲ್ಡ್ ಮುಂತಾದ 22 ಕಾರ್ಡುಗಳದ್ದು ಒಂದು ಗುಂಪು. ಉಳಿದ 56 ಕಾರ್ಡುಗಳು ಕಪ್ಸ್, ಸ್ವೋರ್ಡ್ಸ್, ವಾಂಡ್ಸ್, ಪೆಂಟಕಲ್ಸ್ ಎಂಬ ನಾಲ್ಕು ಬಣ್ಣಗಳಲ್ಲಿ ಇಸ್ಪೀಟಿನ ಹಾಗೆ ಹಂಚಿಕೊಂಡಿವೆ. ಇವು ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಆಟಕ್ಕಾಗಿ. ಭವಿಷ್ಯ ಕೇಳುವುದಕ್ಕೆ ಇವನ್ನು ಬಳಸುವ ರೂಢಿ ವ್ಯಾಪಕವಾದದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ, ಫ್ರಾನ್ಸಿನಲ್ಲಿ. ಇವತ್ತು ಬೆಂಗಳೂರಿನಲ್ಲಾಗಲಿ ಬೇರೆಲ್ಲಾಗಲಿ ಹೆಚ್ಚು ಕಾಣುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕಟ್ಟಿನವು, ಅಥವಾ ಅದನ್ನೇ ಅನುಸರಿಸಿ ಬರೆದವು. ಆ ಕಟ್ಟನ್ನು ಯೋಜಿಸಿದವರು ಆರ್ಥರ್ ಎಡ್ವರ್ಡ್ ವೇಟ್, ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ.

ನಮ್ಮ ವಿಷಯಕ್ಕೆ ಸ್ಮಿತ್ ಬಹಳ ಮುಖ್ಯ. ಅವರಿಗಿಂತ ಹಿಂದಿನ ಹೆಚ್ಚಿನ ಕಟ್ಟುಗಳಲ್ಲಿ ಏಯ್ಟ್ ಆಫ್ ಕಪ್ಸ್ ಎಂದರೆ ಎಂಟು ಬಟ್ಟಲುಗಳ ಚಿತ್ರ ಅಷ್ಟೇ. ಮನುಷ್ಯರಿಲ್ಲ, ಕಥೆಯಿಲ್ಲ. ಸ್ಮಿತ್ ಅಲ್ಲಿ ಕೆಂಪು ನಿಲುವಂಗಿಯ ಒಬ್ಬ ಮನುಷ್ಯನನ್ನು ತಂದು ನಿಲ್ಲಿಸಿದರು. ಅವನ ಕೈಯಲ್ಲಿ ಊರುಗೋಲು, ಮೇಲೆ ಚಂದ್ರ, ಮುಂದೆ ಬೆಟ್ಟದ ದಾರಿ. ಎಂಟು ಬಟ್ಟಲುಗಳನ್ನು ಹಿಂದೆ ಬಿಟ್ಟು ನಮಗೆ ಬೆನ್ನು ಮಾಡಿ ಅವನು ನಡೆದು ಹೋಗುತ್ತಿದ್ದಾನೆ. ‘ಅವನು ಬಿಟ್ಟುಹೋದ’ ಎಂದು ಇವತ್ತು ಸಾವಿರಾರು ರೀಡರ್‌ಗಳು ಹೇಳುವ ಮಾತಿಗೆ ಈ ಚಿತ್ರ ಆಧಾರ. ಮಾರ್ಸೇಲ್ಸ್ ಮಾದರಿಯ ಹಳೆಯ ಕಟ್ಟಿನಲ್ಲಿ ಅದೇ ಕಾರ್ಡು ಬಿದ್ದಿದ್ದರೆ ಯಾರೂ ಎಲ್ಲಿಗೂ ಹೋಗುತ್ತಿರಲಿಲ್ಲ.

ಇನ್ನೂ ಒಂದು ಸಂಗತಿ ಇದೆ. ವೇಟ್ ತಮ್ಮ ಪುಸ್ತಕದಲ್ಲಿ ಈ ಕಾರ್ಡಿನ ಬಗ್ಗೆ ಬರೆಯುವಾಗ, ಒಬ್ಬ ತನ್ನ ಸುಖದ ಬಟ್ಟಲುಗಳನ್ನು ತೊರೆದು ಹೋಗುತ್ತಿದ್ದಾನೆ ಎಂಬ ವಿವರಣೆ ಕೊಡುತ್ತಾರೆ. ಅದರ ಬೆನ್ನಿಗೇ ಇದಕ್ಕೆ ಸಂತೋಷ, ಸೌಮ್ಯತೆ, ಸಂಕೋಚ ಎಂಬ ತದ್ವಿರುದ್ಧ ಅರ್ಥಗಳೂ ಬಳಕೆಯಲ್ಲಿವೆ ಎನ್ನುತ್ತಾರೆ. ಬಹಳ ದೊಡ್ಡದು ಅಂದುಕೊಂಡ ಸಂಗತಿ ಅಷ್ಟೇನೂ ದೊಡ್ಡದಲ್ಲ ಎಂದು ತಿಳಿಯುವುದೂ ಈ ಕಾರ್ಡಿನ ಅರ್ಥವಾಗಿ ಅವರ ಅನುಭವಕ್ಕೆ ಬಂದಿದೆ. ಕಾರ್ಡನ್ನು ರೂಪಿಸಿದವರೇ ಇಷ್ಟು ಅರ್ಥಗಳಿಗೆ ಜಾಗ ಬಿಟ್ಟಿರುವಾಗ ಒಂದೇ ಅರ್ಥವನ್ನು ಗಟ್ಟಿಯಾಗಿ ಹಿಡಿದು ಇನ್ನೊಬ್ಬರ ಎದೆಯ ಮೇಲೆ ಇಡುವ ಹಕ್ಕು ನಮಗಿಲ್ಲ.

‘ಮೂವ್ ಆನ್ ಆಗಿದ್ದಾರೆ’ ಎಂದು ಸಾಮಾನ್ಯವಾಗಿ ಓದುವ ಕಾರ್ಡುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವು ಒಂದೇ ಮಾತನ್ನು ಹೇಳುವುದಿಲ್ಲ. ಕೆಲವು ಹೊರಟು ಹೋಗುವುದನ್ನು ತೋರಿಸುತ್ತವೆ. ಏಯ್ಟ್ ಆಫ್ ಕಪ್ಸ್ ಹಾಗೂ ಸಿಕ್ಸ್ ಆಫ್ ಸ್ವೋರ್ಡ್ಸ್ ಈ ಬಗೆಯವು. ಕೆಲವು ಮುಗಿದದ್ದನ್ನು ತೋರಿಸುತ್ತವೆ, ಡೆತ್ ಮತ್ತು ವರ್ಲ್ಡ್ ಹಾಗೆ. ಇನ್ನು ಕೆಲವು ಹೊಸದಾಗಿ ಕೂಡಿದ್ದನ್ನು ತೋರಿಸುತ್ತವೆ. ಏಸ್ ಆಫ್ ಕಪ್ಸ್, ಟು ಆಫ್ ಕಪ್ಸ್, ಟೆನ್ ಆಫ್ ಕಪ್ಸ್, ಲವರ್ಸ್ ಇಲ್ಲಿ ಬರುತ್ತವೆ. ಹೊರಡುವುದು, ಮುಗಿಯುವುದು, ಬೇರೆಯವರನ್ನು ಕೂಡುವುದು ಮೂರೂ ಬದುಕಿನಲ್ಲಿ ಬೇರೆ ಬೇರೆ ಕಾಲದಲ್ಲಿ ಆಗುವ ಬೇರೆ ಬೇರೆ ಸಂಗತಿಗಳು. ಮನೆ ಬಿಟ್ಟು ಹೋದವರ ಮನಸ್ಸಿನಲ್ಲಿ ಸಂಬಂಧ ಮುಗಿದಿರುವುದಿಲ್ಲ. ಮನಸ್ಸಿನಲ್ಲಿ ಎಂದೋ ಮುಗಿದವರು ಒಂದೇ ಮನೆಯಲ್ಲಿ ಇನ್ನೂ ಎರಡು ವರ್ಷ ಇರುತ್ತಾರೆ. ಮದುವೆ ಗೊತ್ತಾಗಿದೆ ಎಂದ ಮಾತ್ರಕ್ಕೆ ಹಳೆಯದು ಮರೆತಿದೆ ಎಂದೂ ಅಲ್ಲ.

ಸಿಕ್ಸ್ ಆಫ್ ಸ್ವೋರ್ಡ್ಸ್ ಕಾರ್ಡನ್ನು ಹತ್ತಿರದಿಂದ ನೋಡಿ. ಒಂದು ದೋಣಿ. ಹಿಂದೆ ನಿಂತು ಹುಟ್ಟು ಹಾಕುವವನು, ಮುಂದೆ ತಲೆಯ ಮೇಲೆ ಮುಸುಕು ಹೊದ್ದು ಕೂತ ಹೆಂಗಸು, ಪಕ್ಕದಲ್ಲಿ ಮಗು. ಮೂವರ ಮುಖವೂ ನಮಗೆ ಕಾಣುವುದಿಲ್ಲ. ಆರು ಕತ್ತಿಗಳು ದೋಣಿಯೊಳಗೇ ನೆಟ್ಟು ನಿಂತಿವೆ. ಆಚೆ ದಡಕ್ಕೆ ಹೋಗುವವರು ಕತ್ತಿಗಳನ್ನು ಈಚೆ ದಡದಲ್ಲಿ ಬಿಟ್ಟಿಲ್ಲ, ಜೊತೆಯಲ್ಲೇ ಒಯ್ಯುತ್ತಿದ್ದಾರೆ. ಇದನ್ನು ‘ಅವರು ಆರಾಮಾಗಿ ಮುಂದೆ ಹೋಗಿದ್ದಾರೆ’ ಎಂದು ಓದುವವರು ಚಿತ್ರವನ್ನೇ ನೋಡಿರುವುದಿಲ್ಲ, ಪಟ್ಟಿಯಲ್ಲಿ ಬಾಯಿಪಾಠ ಮಾಡಿದ ಒಂದು ಪದವನ್ನು ಹೇಳುತ್ತಿರುತ್ತಾರೆ.

ಟು ಆಫ್ ಕಪ್ಸ್ ಇನ್ನೂ ತೊಡಕಿನದು. ಗಂಡು ಹೆಣ್ಣು ಎದುರುಬದುರು ನಿಂತು ಬಟ್ಟಲು ಹಿಡಿದಿದ್ದಾರೆ. ‘ಎದುರಿನವರ ಸ್ಥಿತಿ’ ಎಂಬ ಸ್ಥಾನದಲ್ಲಿ ಇದು ಬಿದ್ದರೆ ಒಬ್ಬ ರೀಡರ್ ‘ಅವರಿಗೆ ಹೊಸ ಸಂಬಂಧ ಆಗಿದೆ’ ಎನ್ನುತ್ತಾರೆ, ಇನ್ನೊಬ್ಬರು ‘ಅವರ ಮನಸ್ಸಿನಲ್ಲಿ ಇನ್ನೂ ನೀವೇ ಇದ್ದೀರಿ, ಮತ್ತೆ ಸೇರುತ್ತೀರಿ’ ಎನ್ನುತ್ತಾರೆ. ಅದೇ ಕಾರ್ಡು, ಅದೇ ಸ್ಥಾನ, ಪೂರ್ತಿ ಎದುರಾದ ಎರಡು ಮಾತು. ಇಬ್ಬರೂ ಪುಸ್ತಕದಲ್ಲಿರುವ ಅರ್ಥವನ್ನೇ ಹೇಳಿದ್ದಾರೆ. ಕೇಳಿಸಿಕೊಂಡವರ ಮುಂದಿನ ಆರು ತಿಂಗಳು ಮಾತ್ರ ಯಾವ ರೀಡರ್ ಸಿಕ್ಕಿದರು ಎಂಬುದರ ಮೇಲೆ ನಿಂತುಬಿಡುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಲಸಿ ತೆಗೆದ ಕಾರ್ಡಿಗೆ ಪುಣೆಯಲ್ಲೋ ದುಬೈಯಲ್ಲೋ ಕೂತ ಇನ್ನೊಬ್ಬರ ಮನಸ್ಸು ತಿಳಿಯುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಮೇಜಿನ ಮುಂದೆ ಇರುವುದು ಒಬ್ಬರೇ. ಚಿತ್ರ ನೋಡಿ ಅರ್ಥ ಕೊಡುವುದು ಅವರ ಮನಸ್ಸು, ಅವರ ನೆನಪು, ಅವರ ಭಯ. ಹಾಗಾಗಿ ‘ಎದುರಿನವರು’ ಎಂಬ ಸ್ಥಾನದಲ್ಲಿ ಬಿದ್ದ ಕಾರ್ಡು ನಿಜವಾಗಿ ತೋರಿಸಬಲ್ಲದ್ದು ಎದುರಿನವರ ಬಗ್ಗೆ ಕೇಳುವವರು ಏನನ್ನು ನಂಬಿದ್ದಾರೆ, ಏನಕ್ಕೆ ಹೆದರಿದ್ದಾರೆ ಎಂಬುದನ್ನು. ಇದು ಕಡಿಮೆ ಬೆಲೆಯ ಮಾಹಿತಿಯಲ್ಲ. ಬ್ರೇಕಪ್ ಆದ ಮೇಲೆ ನಮ್ಮನ್ನು ಕಟ್ಟಿಹಾಕುವುದು ಬಹಳ ಸಲ ಈ ನಂಬಿಕೆಯೇ.

ಲೆಕ್ಕ ಹಾಕಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಮೇಲೆ ಹೆಸರಿಸಿದ ಕಾರ್ಡುಗಳು ಎಂಟು. ಅವುಗಳಲ್ಲಿ ಯಾವುದು ಬಂದರೂ ‘ಅವರು ಮುಂದೆ ಹೋಗಿದ್ದಾರೆ’ ಎಂದು ಓದಬಹುದು ಎಂದಿಟ್ಟುಕೊಳ್ಳಿ. 78 ಕಾರ್ಡುಗಳನ್ನು ಚೆನ್ನಾಗಿ ಕಲಸಿ ಐದನ್ನು ತೆಗೆದರೆ ಆ ಐದರಲ್ಲಿ ಈ ಎಂಟರ ಪೈಕಿ ಒಂದಾದರೂ ಇರುವ ಸಾಧ್ಯತೆ ಸುಮಾರು ಶೇ. 43. ಅಂದರೆ ಎದುರಿನವರು ನಿಜಕ್ಕೂ ಮರೆತಿರಲಿ, ರಾತ್ರಿ ಇಡೀ ಅಳುತ್ತಿರಲಿ, ಹತ್ತು ಜನ ಕೇಳಿದರೆ ನಾಲ್ಕು ಜನಕ್ಕೆ ಅಂಥ ಕಾರ್ಡು ಬಂದೇ ಬರುತ್ತದೆ. ಅದೇ ಪ್ರಶ್ನೆಗೆ ಒಂದೇ ರಾತ್ರಿ ಮೂರು ಸಲ ಹೊಸದಾಗಿ ಹರಡಿದರೆ ಸಾಧ್ಯತೆ ಶೇ. 81ಕ್ಕೆ ಏರುತ್ತದೆ.

ಈ ಕೊನೆಯ ಅಂಕಿಯನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬ್ರೇಕಪ್ ಓದುಗಳಲ್ಲಿ ಅತಿ ಹೆಚ್ಚು ಕೆಡುವುದು ಇಲ್ಲೇ. ಮೊದಲ ಸಲ ಬಂದ ಉತ್ತರ ಹಿಡಿಸುವುದಿಲ್ಲ. ‘ಸರಿಯಾಗಿ ಕಲಸಲಿಲ್ಲ’ ಎಂದು ಮತ್ತೆ ಹಾಕುತ್ತಾರೆ. ಎರಡನೆಯ ಸಲ ಒಳ್ಳೆಯದು ಬಂದರೆ ಯಾವುದು ನಿಜ ಎಂದು ತಿಳಿಯಲು ಮೂರನೆಯ ಸಲ. ಇಲ್ಲವೇ ಬಿದ್ದ ಕಾರ್ಡಿನ ಮೇಲೆ ‘ಸ್ವಲ್ಪ ವಿವರಣೆಗೆ’ ಅಂತ ಇನ್ನೊಂದು, ಅದರ ಮೇಲೆ ಮತ್ತೊಂದು. ಐದು ಕಾರ್ಡಿನ ಓದು ಹದಿನೈದಕ್ಕೆ ಬಂದು ನಿಂತಾಗ ಅದರಲ್ಲಿ ಹೋಗುವ ಕಾರ್ಡೂ ಇರುತ್ತದೆ, ವಾಪಸ್ ಬರುವ ಕಾರ್ಡೂ ಇರುತ್ತದೆ. ಆಮೇಲೆ ಆಯ್ಕೆ ಮಾಡುವುದು ಕಾರ್ಡಲ್ಲ, ಆ ಹೊತ್ತಿನ ಮನಸ್ಥಿತಿ. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕಾರ್ಡಿನ ಮುಂದೆ ಇಡುವುದು ಅವರ ಲಾಸ್ಟ್ ಸೀನ್ ಅನ್ನು ಮತ್ತೆ ಮತ್ತೆ ತೆರೆದು ನೋಡಿದ ಹಾಗೆಯೇ. ಪ್ರತಿ ಸಲವೂ ಸಿಗುವುದು ಉತ್ತರವಲ್ಲ, ಇನ್ನೊಮ್ಮೆ ನೋಡಬೇಕೆಂಬ ತವಕ.

ಹಾಗಾದರೆ ಓದುವುದು ಹೇಗೆ? ಇಂಥ ಓದುಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಒಂದು ಉದಾಹರಣೆ ಕಟ್ಟುತ್ತೇನೆ.

ಇಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳು, ಕೆಲಸ ಬೆಂಗಳೂರಿನಲ್ಲಿ. ನಾಲ್ಕು ವರ್ಷದ ಸಂಬಂಧ. ಹುಡುಗ ಕೆಲಸಕ್ಕೆಂದು ಪುಣೆಗೆ ಹೋದ, ಮಾತು ಕಡಿಮೆಯಾಯಿತು, ಏಳು ತಿಂಗಳ ಹಿಂದೆ ‘ಇನ್ನು ಸಾಕು’ ಎಂದು ಫೋನಿನಲ್ಲಿ ಹೇಳಿ ಮುಗಿಸಿದ. ಆಮೇಲೆ ಇವಳು ಕಳಿಸಿದ ಮೆಸೇಜುಗಳಿಗೆ ಉತ್ತರವಿಲ್ಲ.

ಕಾರ್ಡು ಮುಟ್ಟುವ ಮೊದಲು ಒಂದು ಹಾಳೆಯನ್ನು ಮಧ್ಯಕ್ಕೆ ಗೆರೆ ಎಳೆದು ಅವಳ ಕೈಗೆ ಕೊಡಬೇಕು. ಎಡಕ್ಕೆ ಗೊತ್ತಿರುವುದು, ಬಲಕ್ಕೆ ಅನ್ನಿಸುವುದು. ಎಡಗಡೆ ಅವಳು ಬರೆಯುತ್ತಾಳೆ: ಮುಗಿಯಿತು ಎಂದು ಅವನೇ ಹೇಳಿದ. ಏಳು ತಿಂಗಳಲ್ಲಿ ಒಮ್ಮೆಯೂ ತಾನಾಗಿ ಮಾತಾಡಿಲ್ಲ. ನನ್ನ ಪುಸ್ತಕಗಳನ್ನು ಕೊರಿಯರ್‌ನಲ್ಲಿ ಕಳಿಸಿದ, ಒಳಗೆ ಚೀಟಿ ಇರಲಿಲ್ಲ. ಬಲಗಡೆ: ಅವನಿಗೆ ಬೇರೆ ಯಾರೋ ಇದ್ದಾರೆ. ನಾನು ಅವನಿಗೆ ಎಂದೂ ಮುಖ್ಯ ಆಗಿರಲಿಲ್ಲ. ಒಂದು ದಿನ ಅವನಿಗೆ ಪಶ್ಚಾತ್ತಾಪ ಆಗುತ್ತದೆ.

ಈ ಹಾಳೆ ಮೇಜಿನ ಮೇಲೆ ಇರುವಾಗ ಓದಿನ ಸ್ವರೂಪವೇ ಬೇರೆ. ಅವನು ಮುಂದೆ ಹೋಗಿದ್ದಾನಾ ಎಂಬ ಪ್ರಶ್ನೆಗೆ ಬೇಕಾದಷ್ಟು ಉತ್ತರ ಎಡಗಡೆಯ ಮೂರು ಸಾಲಿನಲ್ಲೇ ಇದೆ. ಅದಕ್ಕೆ ಕಾರ್ಡಿನ ಅಗತ್ಯವಿಲ್ಲ. ಕಾರ್ಡಿನ ಕೆಲಸ ಶುರುವಾಗುವುದು ಬಲಗಡೆಯಲ್ಲಿ.

ಐದು ಸ್ಥಾನಗಳು ಸಾಕು. ಮುಗಿದದ್ದು ಏನು, ಈಗ ನನ್ನ ಬಳಿ ಏನಿದೆ, ಅವನ ಬಗ್ಗೆ ನಾನು ಏನೆಂದು ನಂಬಿದ್ದೇನೆ, ನನ್ನೊಳಗೆ ಹೇಳದೇ ಉಳಿದದ್ದು ಏನು, ಮುಂದಿನ ಒಂದು ಹೆಜ್ಜೆ ಏನು. ಸಾಮಾನ್ಯವಾಗಿ ಕ್ಲೋಷರ್ ಸ್ಪ್ರೆಡ್‌ಗಳಲ್ಲಿ ಮೂರನೆಯ ಸ್ಥಾನಕ್ಕೆ ‘ಅವರ ಈಗಿನ ಭಾವನೆ’ ಎಂಬ ಹೆಸರಿರುತ್ತದೆ. ಆ ಹೆಸರನ್ನು ಬದಲಿಸುವುದೇ ಇಡೀ ಓದಿನಲ್ಲಿ ನಾನು ಅತಿ ಮುಖ್ಯ ಎಂದು ಎಣಿಸುವ ಕೆಲಸ. ಅದೂ ಕಾರ್ಡು ತೆಗೆಯುವ ಮೊದಲೇ ಬದಲಿಸಬೇಕು. ಕಾರ್ಡು ಬಿದ್ದ ಮೇಲೆ ಬದಲಿಸಿದರೆ ಅದು ಕೆಟ್ಟ ಸುದ್ದಿಯಿಂದ ತಪ್ಪಿಸಿಕೊಂಡ ಹಾಗಾಗುತ್ತದೆ, ಎದುರಿಗೆ ಕೂತವರಿಗೂ ಅದು ಗೊತ್ತಾಗುತ್ತದೆ.

ಬಿದ್ದ ಕಾರ್ಡುಗಳು ಕ್ರಮವಾಗಿ ಟೆನ್ ಆಫ್ ವಾಂಡ್ಸ್, ಫೈವ್ ಆಫ್ ಕಪ್ಸ್, ಏಯ್ಟ್ ಆಫ್ ಕಪ್ಸ್, ಜಡ್ಜ್‌ಮೆಂಟ್, ಫೋರ್ ಆಫ್ ಸ್ವೋರ್ಡ್ಸ್ ಎಂದುಕೊಳ್ಳಿ.

ಅವಳ ಕಣ್ಣು ನೇರ ಹೋಗುವುದು ಮೂರನೆಯದಕ್ಕೆ. ಬೆನ್ನು ತಿರುಗಿಸಿದ ಮನುಷ್ಯ. ‘ಹೋಗಿದ್ದಾನೆ ಅಲ್ವಾ ಮೇಡಂ?’ ಎನ್ನುತ್ತಾಳೆ. ಇಲ್ಲಿ ರೀಡರ್ ಎರಡು ರೀತಿಯಲ್ಲಿ ತಪ್ಪಬಹುದು. ‘ಹೌದಮ್ಮ, ನಿನ್ನನ್ನು ಪೂರ್ತಿ ಮರೆತಿದ್ದಾನೆ’ ಎನ್ನುವುದು ಒಂದು. ತಿಳಿಯದ್ದನ್ನು ತಿಳಿದ ಹಾಗೆ ಹೇಳಿದ್ದು ಅದು. ‘ಇಲ್ಲ ಇಲ್ಲ, ನೋಡು ಬಟ್ಟಲು ಒಂದೂ ಉರುಳಿಲ್ಲ, ಅಂದರೆ ಪ್ರೀತಿ ಇನ್ನೂ ಇದೆ, ಬಂದೇ ಬರುತ್ತಾನೆ’ ಎನ್ನುವುದು ಇನ್ನೊಂದು. ಅಳುವವರನ್ನು ನೋಡಲಾಗದೆ ಕರುಣೆಯಿಂದಲೇ ಈ ಮಾತು ಬರುತ್ತದೆ. ಎರಡರಲ್ಲಿ ಇದೇ ಹೆಚ್ಚು ಕೆಟ್ಟದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಮರೆತಿದ್ದಾನೆ ಎಂದು ಕೇಳಿದವಳು ಅತ್ತು ಎದ್ದು ಹೋಗಬಹುದು. ಬರುತ್ತಾನೆ ಎಂದು ಕೇಳಿದವಳು ಕಾಯುತ್ತಾಳೆ.

ಸರಿಯಾದ ದಾರಿ ಪ್ರಶ್ನೆಯನ್ನು ಹಾಳೆಯ ಕಡೆಗೆ ತಿರುಗಿಸುವುದು. ‘ಹೋಗಿದ್ದಾನೆ ಅಂತ ನೀವೇ ಎಡಗಡೆ ಬರೆದಿದ್ದೀರಿ. ಈ ಚಿತ್ರದಲ್ಲಿ ಹೋಗುವವನ ಬಗ್ಗೆ ನಿಮಗೆ ಇನ್ನೇನು ಅನ್ನಿಸುತ್ತೆ?’ ಅವಳು ಸುಮ್ಮನೆ ನೋಡುತ್ತಾಳೆ. ಕೆಳಗಿನ ಸಾಲಿನಲ್ಲಿ ಐದು ಬಟ್ಟಲು, ಮೇಲಿನ ಸಾಲಿನಲ್ಲಿ ಮೂರು, ಆ ಮೂರರ ನಡುವೆ ಒಂದು ಬಟ್ಟಲಿನಷ್ಟು ಜಾಗ ಖಾಲಿ. ‘ಆ ಖಾಲಿ ಜಾಗದಲ್ಲಿ ನಾನು ಇರಬೇಕಿತ್ತು. ನಾನು ಸಾಲಲಿಲ್ಲ ಅಂತ ಹೋದ’ ಎನ್ನುತ್ತಾಳೆ. ಇಡೀ ಓದಿನಲ್ಲಿ ಹೊರಬಂದ ಅತಿ ಬೆಲೆಯ ಮಾತು ಇದು. ಅವನ ಮನಸ್ಸಿನಲ್ಲಿ ಏನಿದೆ ಎಂಬುದು ಇನ್ನೂ ಯಾರಿಗೂ ಗೊತ್ತಿಲ್ಲ. ಇವಳು ಏಳು ತಿಂಗಳಿಂದ ಹೊತ್ತಿದ್ದು ಏನು ಎಂಬುದು ಗೊತ್ತಾಯಿತು. ‘ನಾನು ಸಾಲಲಿಲ್ಲ’ ಎಂಬ ಸಾಲನ್ನು ಹಾಳೆಯ ಬಲಗಡೆ ಅವಳ ಕೈಯಲ್ಲೇ ಬರೆಸಬೇಕು. ಅದು ಅನಿಸಿಕೆ, ಸಂಗತಿಯಲ್ಲ.

ಈಗ ಮೊದಲನೆಯ ಕಾರ್ಡಿಗೆ ಹೋದರೆ ಅದು ಬೇರೆಯದೇ ಮಾತಾಡುತ್ತದೆ. ಟೆನ್ ಆಫ್ ವಾಂಡ್ಸ್‌ನಲ್ಲಿ ಒಬ್ಬ ಹತ್ತು ದೊಣ್ಣೆಗಳನ್ನು ತಬ್ಬಿ ಹಿಡಿದು ಬಾಗಿ ನಡೆಯುತ್ತಿದ್ದಾನೆ, ಹೊರೆಯಲ್ಲಿ ಮುಖ ಹುದುಗಿ ಎದುರಿನ ದಾರಿ ಕಾಣದ ಹಾಗಿದೆ. ‘ಇದು ಯಾರು?’ ಎಂದು ಕೇಳಿದರೆ ಅವಳು ಥಟ್ಟನೆ ಹೇಳುತ್ತಾಳೆ: ‘ನಾನೇ. ಬಸ್ ಟಿಕೆಟ್ ಬುಕ್ ಮಾಡ್ತಿದ್ದವಳು ನಾನು. ಫೋನ್ ಮಾಡ್ತಿದ್ದವಳು ನಾನು. ಜಗಳ ಆದಮೇಲೆ ಸಾರಿ ಕೇಳ್ತಿದ್ದವಳೂ ನಾನೇ.’ ಮೂರನೆಯ ಕಾರ್ಡಿನಲ್ಲಿ ‘ಸಾಲಲಿಲ್ಲ’ ಎಂದವಳು ಮೊದಲನೆಯ ಕಾರ್ಡಿನಲ್ಲಿ ಹತ್ತೂ ದೊಣ್ಣೆ ತಾನೇ ಹೊತ್ತೆ ಎನ್ನುತ್ತಿದ್ದಾಳೆ. ಎರಡನ್ನೂ ಅಕ್ಕಪಕ್ಕ ಇಟ್ಟು ಅವಳಿಗೇ ತೋರಿಸಿದರೆ ಸಾಕು. ವ್ಯಾಖ್ಯಾನ ಬೇಡ.

ಫೈವ್ ಆಫ್ ಕಪ್ಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಪ್ಪು ನಿಲುವಂಗಿಯವನ ಮುಂದೆ ಮೂರು ಬಟ್ಟಲು ಚೆಲ್ಲಿವೆ, ಹಿಂದೆ ಎರಡು ನೆಟ್ಟಗೆ ನಿಂತಿವೆ. ಆ ಎರಡನ್ನು ತೋರಿಸಿ ‘ನೋಡು, ಇನ್ನೂ ಎಷ್ಟೊಂದು ಇದೆ’ ಎನ್ನುವ ಆತುರ ಬೇಡ. ದುಃಖದಲ್ಲಿರುವವರಿಗೆ ಚೆಲ್ಲಿದ್ದನ್ನು ನೋಡಿ ಮುಗಿಸುವ ಸಮಯ ಬೇಕು.

ನಾಲ್ಕನೆಯ ಕಾರ್ಡು ಅಪಾಯದ್ದು. ಜಡ್ಜ್‌ಮೆಂಟ್‌ನಲ್ಲಿ ದೇವದೂತ ಕಹಳೆ ಊದುತ್ತಿದ್ದಾನೆ, ಶವಪೆಟ್ಟಿಗೆಗಳಿಂದ ಜನ ಎದ್ದು ಕೈ ಚಾಚಿದ್ದಾರೆ. ಸತ್ತದ್ದು ಎದ್ದು ಬರುವ ಚಿತ್ರವಾದ್ದರಿಂದ ‘ಹಳೆಯ ಸಂಬಂಧ ಮತ್ತೆ ಚಿಗುರುತ್ತದೆ’ ಎಂದು ಓದುವ ರೂಢಿ ಬಲವಾಗಿದೆ. ಮೂರನೆಯ ಕಾರ್ಡು ಹೋಗುವುದನ್ನು ತೋರಿಸಿ, ನಾಲ್ಕನೆಯದು ಎದ್ದು ಬರುವುದನ್ನು ತೋರಿಸಿದಾಗ ‘ಹೋಗಿದ್ದಾನೆ, ಆದರೆ ಕರೆ ಬರುತ್ತದೆ’ ಎಂಬ ಕಥೆ ತಾನಾಗಿ ಹೆಣೆದುಕೊಳ್ಳುತ್ತದೆ. ಆ ಕಥೆಯನ್ನು ತಡೆಯುವುದು ಸ್ಥಾನದ ಹೆಸರು. ನಾಲ್ಕನೆಯ ಸ್ಥಾನ ಕೇಳಿದ್ದು ಅವಳೊಳಗೆ ಹೇಳದೇ ಉಳಿದದ್ದನ್ನು. ಅಲ್ಲಿ ಈ ಕಾರ್ಡು ಬಂದಾಗ ಓದು ಸರಳ: ಹೂತಿಟ್ಟ ಯಾವ ಮಾತು ಎದ್ದು ನಿಲ್ಲಬೇಕಿದೆ? ಅವಳು ಹೇಳುತ್ತಾಳೆ, ‘ಫೋನಲ್ಲಿ ಮುಗಿಸಿದ್ದಕ್ಕೆ ನನಗೆ ಸಿಟ್ಟಿದೆ. ಒಂದು ಸಲವೂ ಬೈದಿಲ್ಲ ನಾನು.’ ಅದನ್ನು ಕಾಗದದಲ್ಲಿ ಬರೆಯಲಿ. ಕಳಿಸಬೇಕಿಲ್ಲ. ಏಳು ತಿಂಗಳು ಉತ್ತರಿಸದವನಿಗೆ ಕಳಿಸಿದರೆ ಮತ್ತೆ ಉತ್ತರಕ್ಕೆ ಕಾಯುವ ಕೆಲಸ ಶುರುವಾಗುತ್ತದೆ.

ಕೊನೆಯದು ಫೋರ್ ಆಫ್ ಸ್ವೋರ್ಡ್ಸ್. ಚರ್ಚಿನೊಳಗೆ ಕೈ ಜೋಡಿಸಿ ಮಲಗಿದ ಯೋಧನ ಪ್ರತಿಮೆ, ಮೇಲೆ ಮೂರು ಕತ್ತಿ, ಮಲಗಿದ ಕಲ್ಲಿನ ಮಗ್ಗುಲಲ್ಲಿ ಒಂದು. ವಿರಾಮದ ಕಾರ್ಡು. ‘ವಿಶ್ರಾಂತಿ ತಗೊಳ್ಳಿ’ ಎಂದಷ್ಟೇ ಹೇಳಿ ಕಳಿಸಿದರೆ ಪ್ರಯೋಜನವಿಲ್ಲ. ಯಾವುದರಿಂದ ವಿರಾಮ ಎಂದು ಅವಳೇ ಹೇಳಬೇಕು. ಅವನ ಫೋಟೋ ನೋಡುವುದರಿಂದ, ಅವನ ಗೆಳೆಯರನ್ನು ವಿಚಾರಿಸುವುದರಿಂದ, ಅವನ ಬಗ್ಗೆ ಕಾರ್ಡು ಕೇಳುವುದರಿಂದಲೂ. ಮೂರು ತಿಂಗಳು ಎಂದು ಗಡುವು ಹಾಕಿ ಹಾಳೆಯ ಕೆಳಗೆ ದಿನಾಂಕ ಬರೆದುಕೊಂಡರೆ ಅದು ಹಿಡಿಯುವುದಕ್ಕೆ ಸಿಗುವ ಹೆಜ್ಜೆಯಾಗುತ್ತದೆ.

ಇಷ್ಟು ಓದಿನಲ್ಲಿ ‘ಅವನಿಗೆ ಬೇರೆ ಯಾರೋ ಇದ್ದಾರೆ’ ಎಂಬ ಬಲಗಡೆಯ ಸಾಲಿಗೆ ಉತ್ತರ ಬಂದಿಲ್ಲ. ಬರುವುದೂ ಇಲ್ಲ. ಅದನ್ನು ಹಾಗೇ ಬಿಡುವುದಕ್ಕೆ ರೀಡರ್‌ಗೆ ಧೈರ್ಯ ಬೇಕು. ಎದುರಿಗೆ ಕೂತವರು ದುಡ್ಡು ಕೊಟ್ಟಿದ್ದಾರೆ, ಉತ್ತರ ಬೇಕು ಎಂದು ಒತ್ತಾಯಿಸುತ್ತಾರೆ. ನೈಟ್ ಆಫ್ ಕಪ್ಸ್, ಕ್ವೀನ್ ಆಫ್ ವಾಂಡ್ಸ್ ಮುಂತಾದ ರಾಜ, ರಾಣಿ, ಸವಾರರ ಕಾರ್ಡುಗಳು ಬಂದರಂತೂ ‘ಇದು ಯಾರು, ಹೊಸಬಳಾ?’ ಎಂಬ ಪ್ರಶ್ನೆ ತಪ್ಪದು. ಬಣ್ಣ ಹೀಗಿದೆ, ವಯಸ್ಸು ಇಷ್ಟಿರಬಹುದು ಎಂದು ಹೇಳಲು ಶುರುಮಾಡಿದರೆ ಇಲ್ಲದ ಒಬ್ಬ ವ್ಯಕ್ತಿಯನ್ನು ಆ ಕ್ಷಣದಲ್ಲಿ ಹುಟ್ಟಿಸಿದಂತೆ. ಆಮೇಲೆ ಅವನ ಆಫೀಸಿನ ಫೋಟೋಗಳಲ್ಲಿ ಅಂಥ ಒಬ್ಬಳನ್ನು ಹುಡುಕುತ್ತಾ ಇವಳು ರಾತ್ರಿ ಕಳೆಯುತ್ತಾಳೆ. ಮೇಲಾಗಿ, ಅಲ್ಲಿಲ್ಲದ ಮೂರನೆಯವರ ಖಾಸಗಿ ಬದುಕನ್ನು ಅವರ ಒಪ್ಪಿಗೆಯಿಲ್ಲದೆ ಬಗೆಯುವುದು ಸರಿಯಲ್ಲ ಎಂದು ಅನೇಕ ರೀಡರ್‌ಗಳು ಅಂಥ ಪ್ರಶ್ನೆಯನ್ನೇ ತೆಗೆದುಕೊಳ್ಳುವುದಿಲ್ಲ. ಆ ನಿಲುವು ನನಗೆ ಪೂರ್ತಿ ಒಪ್ಪಿಗೆ.

ಎಡಗಡೆಯ ಸಾಲುಗಳೇ ಬೇರೆ ಇದ್ದಾಗ ಏನು ಎಂಬ ಪ್ರಶ್ನೆಯೂ ಬರುತ್ತದೆ. ಅವನಿಗೆ ನಿಶ್ಚಿತಾರ್ಥವಾಗಿದೆ, ಆಮಂತ್ರಣ ನೋಡಿದ್ದೇನೆ ಎಂದು ಬರೆದವರೂ ಕಾರ್ಡು ಹಾಕಿಸಲು ಬರುತ್ತಾರೆ. ಅಂಥವರಿಗೆ ಟು ಆಫ್ ಕಪ್ಸ್ ಬಿದ್ದಾಗ ‘ಮತ್ತೆ ಸೇರುವ ಸೂಚನೆ’ ಎಂದು ಸುತ್ತುವುದು ಕ್ರೌರ್ಯ. ಅಲ್ಲಿ ಸಂಗತಿ ಕಾರ್ಡಿಗಿಂತ ದೊಡ್ಡದು. ‘ನಿಮಗೆ ಗೊತ್ತಿರುವುದನ್ನೇ ಚಿತ್ರ ತೋರಿಸುತ್ತಿದೆ, ಅದನ್ನು ನೋಡುವಾಗ ನಿಮಗೆ ಏನಾಗುತ್ತಿದೆ ಹೇಳಿ’ ಎಂದು ಕೇಳಬಹುದು. ಗೊತ್ತಿದ್ದೂ ಕಾರ್ಡಿನ ಬಳಿ ಬಂದವರಿಗೆ ಬೇಕಿರುವುದು ಹೆಚ್ಚಾಗಿ ಸುದ್ದಿಯಲ್ಲ, ಆ ಸುದ್ದಿಯನ್ನು ಇನ್ನೊಬ್ಬರ ಮುಂದೆ ಜೋರಾಗಿ ಹೇಳುವ ಒಂದು ಗಂಟೆ.

ತಲೆಕೆಳಗಾಗಿ ಬಿದ್ದ ಕಾರ್ಡಿನ ಬಗ್ಗೆ ಒಂದು ಮಾತು. ಏಯ್ಟ್ ಆಫ್ ಕಪ್ಸ್ ತಲೆಕೆಳಗಾದರೆ ಹೋದವನು ತಿರುಗಿ ಬರುತ್ತಾನೆ ಎಂಬ ಓದು ಚಾಲ್ತಿಯಲ್ಲಿದೆ. ಕಲಸುವಾಗ ಕಾರ್ಡು ಯಾವ ಕಡೆ ತಿರುಗಿತು ಎಂಬುದರ ಮೇಲೆ ಒಬ್ಬರ ಭರವಸೆಯನ್ನು ನಿಲ್ಲಿಸಬಾರದು. ಬ್ರೇಕಪ್ ಓದಿನಲ್ಲಿ ಎಲ್ಲ ಕಾರ್ಡನ್ನೂ ನೆಟ್ಟಗೆ ಇಟ್ಟೇ ಓದುವುದು ಕ್ಷೇಮ.

ಕಾರ್ಡಿಗೆ ಮೀರಿದ ಎರಡು ಸಂಗತಿಗಳಿವೆ, ಅವನ್ನು ಹೇಳದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಮೊದಲನೆಯದು ಹಣ. ‘ಅವರು ಮುಂದೆ ಹೋಗಿದ್ದಾರೆ, ಆದರೆ ಒಂದು ಪರಿಹಾರ ಮಾಡಿದರೆ ವಾಪಸ್ ಬರುತ್ತಾರೆ’ ಎಂದು ಯಾರಾದರೂ ಹೇಳಿದರೆ ಆ ಕ್ಷಣವೇ ಎದ್ದು ಬನ್ನಿ. ಮೊದಲು ಸಾವಿರ, ಆಮೇಲೆ ಐದು ಸಾವಿರ, ಆಮೇಲೆ ‘ಅಡ್ಡಿ ದೊಡ್ಡದಿದೆ’ ಎಂದು ಇನ್ನಷ್ಟು. ವಶೀಕರಣದ ಮಾತಿಗೂ ಟ್ಯಾರೋ ಓದಿಗೂ ಯಾವ ಸಂಬಂಧವೂ ಇಲ್ಲ. ಇನ್ನೊಬ್ಬರ ಮನಸ್ಸನ್ನು ಅವರಿಗೆ ಇಷ್ಟವಿಲ್ಲದೆ ತಿರುಗಿಸುತ್ತೇನೆ ಎನ್ನುವುದು ಸುಳ್ಳೂ ಹೌದು, ತಪ್ಪೂ ಹೌದು.

ಎರಡನೆಯದು ಇನ್ನೂ ಮುಖ್ಯ. ಫೈವ್ ಆಫ್ ಕಪ್ಸ್ ನೋಡಿ ಅಳುವುದು ಬೇರೆ, ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಕೆಲಸಕ್ಕೆ ಹೋಗಲಾಗದೆ, ಬದುಕಿ ಏನು ಮಾಡಲಿ ಎಂಬ ಯೋಚನೆ ಬರುವುದು ಬೇರೆ. ಎದುರಿಗೆ ಕೂತವರು ಅಂಥ ಮಾತಾಡಿದರೆ ರೀಡರ್ ಕಾರ್ಡುಗಳನ್ನು ಎತ್ತಿಟ್ಟು, ಮನೆಯವರಿಗೋ ಗೆಳೆಯರಿಗೋ ಫೋನ್ ಮಾಡಿಸಿ, ಆಪ್ತಸಮಾಲೋಚಕರ ಬಳಿ ಹೋಗುವಂತೆ ನೋಡಿಕೊಳ್ಳಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆಗೆ ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು.